ಎಂಆರ್‌ಪಿಗಿಂತ ಜಾಸ್ತಿ ಬಿಲ್ ಮಾಡಿದ್ದಾರಾ? ಅಂಗಡಿ ಮ್ಯಾನೇಜರ್‌ಗೆ ದೂರು ಪತ್ರ ಬರೆಯುವ ಕ್ರಮ

ಅಡುಗೆ ಎಣ್ಣೆಯ ಪ್ಯಾಕೆಟ್ ಮೇಲೆ 152 ರೂಪಾಯಿ ಅಂತ ಅಚ್ಚಾಗಿದೆ. ಬಿಲ್‌ನಲ್ಲಿ 165 ಹಾಕಿದ್ದಾರೆ. ಮೂರು ಪ್ಯಾಕೆಟ್ ತಗೊಂಡಿದ್ದೀರಿ, ಅಂದರೆ 39 ರೂಪಾಯಿ ಜಾಸ್ತಿ ಹೋಗಿದೆ. ಬಿಲ್‌ನ ಕೊನೆಯಲ್ಲಿ ನೋಡಿದರೆ ‘ಇಂದು ನೀವು ಉಳಿಸಿದ್ದು 45 ರೂಪಾಯಿ’ ಅಂತ ಬೇರೆ ಇದೆ!

ದೊಡ್ಡ ಅಂಗಡಿಗಳಲ್ಲಿ ಆಗುವ ತಪ್ಪಿಗೆ ಇದು ಒಳ್ಳೆಯ ಉದಾಹರಣೆ. ಇದನ್ನೇ ಹಿಡಿದು ಪತ್ರ ಬರೆಯುವುದು ಹೇಗೆ ಅಂತ ನೋಡೋಣ. ಸರಿಯಾಗಿ ಬರೆದ ಒಂದು ಪುಟದ ಪತ್ರಕ್ಕೆ ಮ್ಯಾನೇಜರ್ ‘ನೋಡ್ತೀವಿ ಸರ್’ ಅಂತ ಹೇಳಿ ಜಾರಿಕೊಳ್ಳುವುದು ಕಷ್ಟ. ಮುಂದೆ ಇಲಾಖೆಗೋ ಗ್ರಾಹಕರ ಆಯೋಗಕ್ಕೋ ಹೋಗಬೇಕಾಗಿ ಬಂದರೆ ಅದೇ ಪತ್ರ ನಿಮ್ಮ ಮೊದಲ ದಾಖಲೆಯೂ ಆಗುತ್ತದೆ.

ಇದು ಎಲ್ಲಿ ತಪ್ಪುತ್ತದೆ?

ಬಹಳ ಜನ ಇದನ್ನು ನೇರವಾಗಿ ಮೋಸ ಅಂದುಕೊಳ್ಳುತ್ತಾರೆ. ಕೆಲವು ಕಡೆ ಮೋಸವೇ ಇರಬಹುದು. ಆದರೆ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಅಂಗಡಿಗಳಲ್ಲಿ ಕಾರಣ ಹೆಚ್ಚಾಗಿ ಬೇರೆ. ಕಂಪನಿ ಬೆಲೆ ಏರಿಸಿದಾಗ ಪ್ಯಾಕೆಟ್ ಮೇಲಿನ ಎಂಆರ್‌ಪಿ ಬದಲಾಗುತ್ತದೆ, ಬಾರ್‌ಕೋಡ್ ಸಾಮಾನ್ಯವಾಗಿ ಅದೇ ಉಳಿಯುತ್ತದೆ. ನಮ್ಮ ಎಣ್ಣೆಯನ್ನೇ ತೆಗೆದುಕೊಳ್ಳಿ. ಹಳೆ ಸ್ಟಾಕ್‌ನ ಎಂಆರ್‌ಪಿ 152, ಹೊಸ ಸ್ಟಾಕ್‌ದು 180. ಎರಡೂ ಒಂದೇ ರ‍್ಯಾಕ್‌ನಲ್ಲಿ ಪಕ್ಕಪಕ್ಕ ಕೂತಿವೆ. ಸ್ಕ್ಯಾನ್ ಮಾಡಿದಾಗ ಎರಡಕ್ಕೂ ಬರುವುದು ಒಂದೇ ನಂಬರ್. ಕಂಪ್ಯೂಟರ್‌ನಲ್ಲಿ ಹೊಸ ಬೆಲೆ ಮಾತ್ರ ಇದ್ದರೆ ಹಳೆ ಪ್ಯಾಕೆಟ್‌ಗೂ ಅದೇ ಬೆಲೆ ಬೀಳುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಎರಡೂ ಎಂಆರ್‌ಪಿ ಪರದೆ ಮೇಲೆ ಬರುತ್ತವೆ. ಆಗ ಪ್ಯಾಕೆಟ್ ತಿರುಗಿಸಿ ನೋಡಿ ಸರಿಯಾದದ್ದನ್ನು ಆರಿಸುವ ಕೆಲಸ ಕ್ಯಾಷಿಯರ್‌ದು. ಸಂಜೆ ಹೊತ್ತು ಕ್ಯೂ ಉದ್ದ ಇದ್ದಾಗ ಯಾರು ತಿರುಗಿಸಿ ನೋಡುತ್ತಾರೆ?

ಈಗ ಬಿಲ್ ಓದಿ. ಎಂಆರ್‌ಪಿ ಕಾಲಂನಲ್ಲಿ 180 ಇದೆ, ದರದ ಕಾಲಂನಲ್ಲಿ 165. ಅಂಗಡಿಯವರು ಹೊಸ ಸ್ಟಾಕ್‌ಗೆ ಪ್ಯಾಕೆಟ್‌ಗೆ 15 ರೂಪಾಯಿ ರಿಯಾಯಿತಿ ಇಟ್ಟಿದ್ದಾರೆ. 45 ರೂಪಾಯಿ ‘ಉಳಿತಾಯ’ ಬಂದದ್ದು ಅಲ್ಲಿಂದ. ನಿಮ್ಮ ಕೈಯಲ್ಲಿರುವುದು ಹಳೆ ಸ್ಟಾಕ್. ಹಾಗಾಗಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಲೆಕ್ಕಕ್ಕೆ ಬರುವುದು ಪ್ಯಾಕೆಟ್ ಮೇಲೆ ಅಚ್ಚಾಗಿರುವ ಎಂಆರ್‌ಪಿ. ಬಿಲ್‌ನಲ್ಲಿ ಅಂಗಡಿಯವರು ಮುದ್ರಿಸುವ ಎಂಆರ್‌ಪಿ ಅವರ ಕಂಪ್ಯೂಟರ್‌ನಲ್ಲಿರುವ ನಂಬರ್ ಅಷ್ಟೇ. ಬಿಲ್ ಮಾತ್ರ ಇಟ್ಟುಕೊಂಡು ಪ್ಯಾಕೆಟ್ ಎಸೆದುಬಿಟ್ಟರೆ ನಿಮ್ಮ ದೂರು ಅಲ್ಲಿಗೇ ಬಿದ್ದುಹೋಗುತ್ತದೆ. ಆ ಬಿಲ್ ಪ್ರಕಾರ ನೀವು ಲಾಭ ಮಾಡಿಕೊಂಡಿದ್ದೀರಿ!

ಮೊದಲು ಇದು ನಿಜವಾಗಿ ಎಂಆರ್‌ಪಿ ದೂರೇ ಅಂತ ಖಚಿತ ಮಾಡಿಕೊಳ್ಳಿ

2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳು) ನಿಯಮಗಳ 18ನೇ ನಿಯಮದ 2ನೇ ಉಪನಿಯಮ ಹೇಳುವುದು ಸರಳ. ಪ್ಯಾಕ್ ಮಾಡಿದ ಸರಕನ್ನು ಅದರ ಮೇಲೆ ನಮೂದಿಸಿದ ಚಿಲ್ಲರೆ ಬೆಲೆಗಿಂತ ಜಾಸ್ತಿಗೆ ಯಾರೂ ಮಾರುವಂತಿಲ್ಲ. ಆ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಆದ್ದರಿಂದ ‘ಜಿಎಸ್‌ಟಿ ಬೇರೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ತಣ್ಣಗಿನ ನೀರಿನ ಬಾಟಲಿಗೋ ಹಾಲಿನ ಪ್ಯಾಕೆಟ್‌ಗೋ ಫ್ರಿಜ್ ಖರ್ಚು ಅಂತ ಎರಡು ರೂಪಾಯಿ ಸೇರಿಸುವುದೂ ಅಷ್ಟೇ. ಅಂಗಡಿಯಲ್ಲಿ ಮಾರುವಾಗ ಅದಕ್ಕೆ ಅವಕಾಶ ಇಲ್ಲ.

ಹೋಟೆಲ್ ವಿಷಯ ಬೇರೆ. ಕೂತು ತಿನ್ನುವ ಹೋಟೆಲ್, ರೆಸ್ಟೋರೆಂಟ್‌ಗಳಲ್ಲಿ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ನೀವು ಬಾಟಲಿಯ ಜೊತೆ ಜಾಗ, ಸೇವೆ ಎಲ್ಲವನ್ನೂ ಪಡೆಯುತ್ತೀರಿ ಅನ್ನುವುದು ಕಾರಣ. ಅಂಗಡಿಯಲ್ಲಿ ನಿಮ್ಮ ಎದುರೇ ತೂಗಿ ಕೊಡುವ ಬೇಳೆ, ಬೆಲ್ಲಕ್ಕೂ ಎಂಆರ್‌ಪಿ ಇರುವುದಿಲ್ಲ. ಇನ್ನೊಂದು ಗೊಂದಲ: ರ‍್ಯಾಕ್ ಚೀಟಿಯಲ್ಲಿ 140 ಅಂತ ಇತ್ತು, ಬಿಲ್‌ನಲ್ಲಿ ಪೂರ್ತಿ 152 ಹಾಕಿದರು ಅನ್ನುವುದು. ಇದೂ ದೂರು ಕೊಡಬಹುದಾದ ವಿಷಯವೇ. ಆದರೆ ಎಂಆರ್‌ಪಿ ಮೀರಿಲ್ಲ. ಆ ಪತ್ರಕ್ಕೆ ಮೇಲಿನ ನಿಯಮ ಹಾಕಬೇಡಿ. ತಪ್ಪು ನಿಯಮ ಹಾಕಿದರೆ ಉತ್ತರ ಬರೆಯುವವರಿಗೆ ಅದೊಂದೇ ಸಾಕು.

ಸ್ಟಿಕರ್ ಇದ್ದರೆ ಸ್ವಲ್ಪ ನಿಧಾನವಾಗಿ ನೋಡಿ. ಬೆಲೆ ಇಳಿಸಲು ಸ್ಟಿಕರ್ ಹಚ್ಚಬಹುದು, ಆಗಲೂ ಕೆಳಗಿನ ಮೂಲ ಎಂಆರ್‌ಪಿ ಮುಚ್ಚುವಂತಿಲ್ಲ. ತೆರಿಗೆ ಬದಲಾದ ಸಮಯದಲ್ಲಿ ಹೊಸ ಬೆಲೆಯ ಸ್ಟಿಕರ್‌ಗೆ ಸರ್ಕಾರ ವಿಶೇಷ ಅನುಮತಿ ಕೊಡುವುದುಂಟು. ಅದು ಬಿಟ್ಟು, ಹಳೆ ಬೆಲೆ ಕಾಣದಂತೆ ಮೇಲೆ ಜಾಸ್ತಿ ಬೆಲೆಯ ಚೀಟಿ ಅಂಟಿಸಿದ್ದರೆ ಅಥವಾ ಅಂಕಿ ಅಳಿಸಿದ್ದರೆ ಅದು ಪ್ರತ್ಯೇಕ ತಪ್ಪು. ಚೀಟಿಯನ್ನು ಕಿತ್ತು ಹಾಕಬೇಡಿ. ಹೇಗಿದೆಯೋ ಹಾಗೇ ಮೊದಲು ಫೋಟೊ ತೆಗೆಯಿರಿ.

ಪತ್ರಕ್ಕೆ ಮುಂಚೆ: ಪ್ಯಾಕೆಟ್, ಬಿಲ್, ಪಾವತಿ

ಎಣ್ಣೆ ಪ್ಯಾಕೆಟ್‌ನಲ್ಲಿ ಎಂಆರ್‌ಪಿ, ಬ್ಯಾಚ್ ನಂಬರ್, ಪ್ಯಾಕ್ ಮಾಡಿದ ತಿಂಗಳು ಇವೆಲ್ಲ ಸಾಮಾನ್ಯವಾಗಿ ಒಂದೇ ಕಡೆ, ಚುಕ್ಕಿ ಚುಕ್ಕಿ ಕಪ್ಪು ಅಕ್ಷರದಲ್ಲಿ ಇರುತ್ತವೆ. ಎಣ್ಣೆ ಕೈ ತಾಗಿದರೆ ಆ ಮಸಿ ಬೇಗ ಅಳಿಸುತ್ತದೆ. ಅದಕ್ಕೇ ಪ್ಯಾಕೆಟ್ ಕತ್ತರಿಸುವ ಮೊದಲೇ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಿ ಬೆಲೆ, ಬ್ಯಾಚ್ ನಂಬರ್ ಎರಡೂ ಓದುವಂತಿರಲಿ. ಇನ್ನೊಂದರಲ್ಲಿ ಬಾರ್‌ಕೋಡ್ ಕಾಣಲಿ. ಮೂರನೆಯದರಲ್ಲಿ ಪ್ಯಾಕೆಟ್ ಪಕ್ಕ ಬಿಲ್ ಇಟ್ಟು ತೆಗೆಯಿರಿ. ಬಾರ್‌ಕೋಡ್ ಏಕೆಂದರೆ, ಬಿಲ್‌ನಲ್ಲಿರುವ ‘ಸನ್‌ಫ್ಲವರ್ ಆಯಿಲ್ 1 ಲೀ’ ಇದೇ ಪ್ಯಾಕೆಟ್ ಅಂತ ಅಂಗಡಿಯವರೇ ತಮ್ಮ ಕಂಪ್ಯೂಟರ್‌ನಲ್ಲಿ ತಾಳೆ ನೋಡಲು ಅದು ಬೇಕು. ಸಾಧ್ಯವಾದರೆ ಒಂದು ಪ್ಯಾಕೆಟ್ ಬಳಸದೆ ಹಾಗೇ ಇಡಿ. ಬಳಸಲೇಬೇಕು ಅಂದರೆ ಖಾಲಿ ಕವರ್ ತೊಳೆದು ಇಟ್ಟುಕೊಳ್ಳಿ.

ಬಿಲ್ ಕಾಗದ ಬಿಸಿಯಿಂದ ಅಚ್ಚಾಗುವ ಥರ್ಮಲ್ ಕಾಗದ. ಕೆಲವು ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತದೆ. ಅದೇ ದಿನ ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲೂ ಫೋಟೊ ಇಟ್ಟುಕೊಳ್ಳಿ. ಯುಪಿಐ ಅಥವಾ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಆ ಪಾವತಿಯ ನಂಬರ್ ಬರೆದುಕೊಳ್ಳಿ. ಸಣ್ಣ ಅಂಗಡಿಯಲ್ಲಿ ಬಿಲ್ ಕೊಡಲಿಲ್ಲ ಅಂದರೆ ಅಲ್ಲೇ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಈ ಪತ್ರಕ್ಕೆ ಬಲ ಇರುವುದಿಲ್ಲ.

ಇನ್ನೂ ಅಂಗಡಿಯಲ್ಲೇ ಇದ್ದೀರಿ ಅಂದರೆ ಕೌಂಟರ್‌ನಲ್ಲೇ ಒಮ್ಮೆ ಕೇಳಿ: “ಈ ಪ್ಯಾಕೆಟ್ ಮೇಲೆ 152 ಇದೆ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡ್ತೀರಾ?” ಅಲ್ಲೇ ಸರಿ ಮಾಡಿ ಹಣ ಕೊಟ್ಟರೆ ಒಳ್ಳೆಯದು. “ಸಿಸ್ಟಮ್‌ನಲ್ಲಿ ಇದೇ ಬರೋದು, ನಾವೇನೂ ಮಾಡಕ್ಕಾಗಲ್ಲ” ಅಂದರೆ ವಾದಕ್ಕೆ ನಿಲ್ಲಬೇಡಿ. ಆ ಕ್ಯಾಷಿಯರ್‌ಗೆ ಬೆಲೆ ಬದಲಿಸುವ ಅಧಿಕಾರ ಇರುವುದಿಲ್ಲ. ಅವರು ಹೇಳಿದ ಮಾತನ್ನು, ಹೊತ್ತನ್ನು ಬರೆದುಕೊಂಡು ಬನ್ನಿ. ಪತ್ರದಲ್ಲಿ ಒಂದು ಸಾಲಿಗೆ ಅದು ಬೇಕಾಗುತ್ತದೆ.

ಪತ್ರದಲ್ಲಿ ಏನಿರಬೇಕು?

ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದರಲ್ಲೇ ಅನೇಕರು ತಪ್ಪುತ್ತಾರೆ. ಬೋರ್ಡ್ ಮೇಲೆ ಒಂದು ಹೆಸರು ಇರುತ್ತದೆ, ಅಂಗಡಿ ನಡೆಸುವ ಕಂಪನಿಯದು ಇನ್ನೊಂದು. ಬಿಲ್‌ನ ತಲೆಯಲ್ಲಿ ಅಥವಾ ಕೊನೆಯಲ್ಲಿ ಜಿಎಸ್‌ಟಿ ನಂಬರ್ ಜೊತೆ ಅಚ್ಚಾಗಿರುವ ಹೆಸರೇ ಕಾನೂನಿನ ಕಣ್ಣಿಗೆ ಮಾರಾಟಗಾರರು. ಎರಡನ್ನೂ ಬರೆಯಿರಿ.

ವಿಷಯದ ಸಾಲಿನಲ್ಲೇ ಬಿಲ್ ನಂಬರ್, ದಿನಾಂಕ, ಜಾಸ್ತಿ ಪಡೆದ ಮೊತ್ತ ಬರಲಿ. ಮ್ಯಾನೇಜರ್ ಅದನ್ನು ಓದಿದ ತಕ್ಷಣ ಕಂಪ್ಯೂಟರ್‌ನಲ್ಲಿ ಬಿಲ್ ತೆಗೆದು ನೋಡುವಂತಿರಬೇಕು. ಆಮೇಲೆ ಅಚ್ಚಾದ ಬೆಲೆ, ಬಿಲ್ ಮಾಡಿದ ಬೆಲೆ, ವ್ಯತ್ಯಾಸ. ಈ ಲೆಕ್ಕ ಪತ್ರದ ಜೀವಾಳ. ಅದಾದ ಮೇಲೆ ನಿಯಮ, ಒಂದೇ ವಾಕ್ಯದಲ್ಲಿ. ಕೊನೆಗೆ ನಿಮಗೆ ಏನು ಬೇಕು, ಎಷ್ಟು ದಿನದಲ್ಲಿ.

‘ಮೋಸಗಾರರು’, ‘ಹಗಲು ದರೋಡೆ’ ಇಂಥ ಮಾತು ಬೇಡ. ಸಿಟ್ಟು ಬರುವುದು ಸಹಜ. ಆದರೆ ಈ ನಿಯಮ ಮಾರುವವರ ಉದ್ದೇಶ ಏನಿತ್ತು ಅಂತ ಕೇಳುವುದೇ ಇಲ್ಲ. ಜಾಸ್ತಿಗೆ ಮಾರಿದ್ದರೆ ಸಾಕು, ತಪ್ಪೇ. ನೀವು ಬೇಕಂತಲೇ ಮಾಡಿದರು ಅಂತ ಬರೆದರೆ, ಅದನ್ನು ತೋರಿಸಿಕೊಡುವ ಭಾರ ಸುಮ್ನೆ ನಿಮ್ಮ ತಲೆ ಮೇಲೆ ಬರುತ್ತದೆ. ಉತ್ತರವೂ ಆ ಒಂದು ಪದದ ಸುತ್ತಲೇ ತಿರುಗುತ್ತದೆ.

ನನ್ನ ಪ್ರಕಾರ ಬೇಡಿಕೆಯಲ್ಲಿ ಬರೀ ನಿಮ್ಮ 39 ರೂಪಾಯಿ ಕೇಳಿದರೆ ಸಾಲದು. ಅದೇ ರ‍್ಯಾಕ್‌ನಲ್ಲಿ ಹಳೆ ಎಂಆರ್‌ಪಿಯ ಪ್ಯಾಕೆಟ್ ಇನ್ನೂ ಉಳಿದಿರುತ್ತವೆ. ನಿಮ್ಮ ಹಿಂದೆ ಕ್ಯೂನಲ್ಲಿದ್ದವರೂ ಅವನ್ನೇ ಕೊಂಡಿರುತ್ತಾರೆ. ಅವರಲ್ಲಿ ಎಷ್ಟೋ ಜನ ಪ್ಯಾಕೆಟ್ ತಿರುಗಿಸಿ ನೋಡುವವರಲ್ಲ. ರ‍್ಯಾಕ್ ತಪಾಸಣೆ ಮಾಡಿ, ಬಿಲ್ಲಿಂಗ್‌ನಲ್ಲಿ ಹಳೆ ಎಂಆರ್‌ಪಿ ಸೇರಿಸಿ ಅಂತ ಬರೆದರೆ ಮ್ಯಾನೇಜರ್ ಅದನ್ನು ಲಿಖಿತವಾಗಿ ತಿಳಿದಂತಾಯಿತು. ಆಮೇಲೂ ಅದೇ ಬೆಲೆಗೆ ಮಾರಿದರೆ ‘ಗಮನಕ್ಕೆ ಬಂದಿರಲಿಲ್ಲ’ ಅನ್ನುವಂತಿಲ್ಲ.

ಮಾದರಿ ಪತ್ರ

ಹೆಸರು, ವಿಳಾಸಗಳ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ. ಉಳಿದದ್ದು ನಮ್ಮ ಎಣ್ಣೆ ಪ್ಯಾಕೆಟ್‌ನ ಉದಾಹರಣೆಯೇ.

> ದಿನಾಂಕ: 10-11-2025
>
> ಇಂದ,
> (ನಿಮ್ಮ ಹೆಸರು, ವಿಳಾಸ, ಮೊಬೈಲ್ ನಂಬರ್)
>
> ಗೆ,
> ವ್ಯವಸ್ಥಾಪಕರು,
> (ಅಂಗಡಿಯ ಹೆಸರು, ಬಿಲ್‌ನಲ್ಲಿರುವ ಕಂಪನಿಯ ಹೆಸರು, ಶಾಖೆಯ ವಿಳಾಸ)
>
> ಮಾನ್ಯರೇ,
>
> ವಿಷಯ: ಎಂಆರ್‌ಪಿಗಿಂತ 39 ರೂ. ಹೆಚ್ಚು ಪಡೆದಿರುವ ಬಗ್ಗೆ – ಬಿಲ್ ನಂ. (……), ದಿನಾಂಕ 08-11-2025
>
> ನಾನು 08-11-2025ರಂದು ಸಂಜೆ 6.40ಕ್ಕೆ ನಿಮ್ಮ ಅಂಗಡಿಯ 3ನೇ ಕೌಂಟರ್‌ನಲ್ಲಿ (ಬ್ರ್ಯಾಂಡ್ ಹೆಸರು) ಸೂರ್ಯಕಾಂತಿ ಎಣ್ಣೆಯ 1 ಲೀಟರಿನ 3 ಪ್ಯಾಕೆಟ್ ಖರೀದಿಸಿದ್ದೇನೆ. ಹಣವನ್ನು ಯುಪಿಐ ಮೂಲಕ ಪಾವತಿಸಿದ್ದೇನೆ (ಪಾವತಿ ಸಂಖ್ಯೆ ……).
>
> ಮೂರೂ ಪ್ಯಾಕೆಟ್‌ಗಳ ಮೇಲೆ ಎಲ್ಲ ತೆರಿಗೆ ಸೇರಿ 152 ರೂ. ಎಂಆರ್‌ಪಿ ಮುದ್ರಿತವಾಗಿದೆ (ಬ್ಯಾಚ್ ನಂ. ……). ಬಿಲ್‌ನಲ್ಲಿ ಎಂಆರ್‌ಪಿ 180 ರೂ. ಎಂದು ತೋರಿಸಿ, ಪ್ಯಾಕೆಟ್‌ಗೆ 165 ರೂ. ಪಡೆಯಲಾಗಿದೆ.
>
> ಪಡೆದ ಹಣ: 165 × 3 = 495 ರೂ.
> ಮುದ್ರಿತ ಬೆಲೆಯಂತೆ: 152 × 3 = 456 ರೂ.
> ಹೆಚ್ಚು ಪಡೆದದ್ದು: 39 ರೂ.
>
> ಕೌಂಟರ್‌ನಲ್ಲಿ ಕೇಳಿದಾಗ, ಕಂಪ್ಯೂಟರ್‌ನಲ್ಲಿ ಬರುವ ಬೆಲೆ ಇದೇ, ಬದಲಿಸಲು ಆಗುವುದಿಲ್ಲ ಎಂದು ತಿಳಿಸಿದರು.
>
> ಪ್ಯಾಕ್ ಮಾಡಿದ ಸರಕನ್ನು ಮುದ್ರಿತ ಚಿಲ್ಲರೆ ಬೆಲೆಗಿಂತ ಹೆಚ್ಚಿಗೆ ಮಾರುವುದನ್ನು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳು) ನಿಯಮಗಳ ನಿಯಮ 18(2) ನಿಷೇಧಿಸುತ್ತದೆ.
>
> ಆದ್ದರಿಂದ ದಯವಿಟ್ಟು,
> 1. ಹೆಚ್ಚು ಪಡೆದ 39 ರೂ.ಗಳನ್ನು ನಾನು ಪಾವತಿಸಿದ ಖಾತೆಗೇ ಹಿಂದಿರುಗಿಸಿ.
> 2. ಮಾರಾಟಕ್ಕೆ ಇಟ್ಟಿರುವ 152 ರೂ. ಎಂಆರ್‌ಪಿಯ ಉಳಿದ ಪ್ಯಾಕೆಟ್‌ಗಳನ್ನು ಪರಿಶೀಲಿಸಿ, ಬಿಲ್ಲಿಂಗ್‌ನಲ್ಲಿ ಬೆಲೆ ಸರಿಪಡಿಸಿ.
> 3. ಕೈಗೊಂಡ ಕ್ರಮವನ್ನು ಈ ಪತ್ರ ತಲುಪಿದ 7 ದಿನಗಳ ಒಳಗೆ ಲಿಖಿತವಾಗಿ ತಿಳಿಸಿ.
>
> ಈ ಅವಧಿಯಲ್ಲಿ ಉತ್ತರ ಬಾರದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಮತ್ತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಸಲ್ಲಿಸುತ್ತೇನೆ.
>
> ಲಗತ್ತು: ಬಿಲ್‌ನ ಪ್ರತಿ, ಪ್ಯಾಕೆಟ್‌ನ 3 ಫೋಟೊಗಳು, ಪಾವತಿಯ ವಿವರ
>
> ಇಂತಿ ತಮ್ಮ ವಿಶ್ವಾಸಿ,
> (ಸಹಿ, ಹೆಸರು)

7 ದಿನ ಅನ್ನುವುದು ಯಾವ ಕಾನೂನಿನಲ್ಲೂ ಇರುವ ಗಡುವಲ್ಲ, ನೀವು ಕೊಡುವ ಸಮಯ. ಮುಖ್ಯ ಕಚೇರಿಗೆ ಕೇಳಿ ಉತ್ತರಿಸಬೇಕಾದ ದೊಡ್ಡ ಸರಣಿ ಅಂಗಡಿ ಆದರೆ 15 ದಿನ ಕೊಡಿ. ಪತ್ರ ಕನ್ನಡದಲ್ಲೇ ಇರಲಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಮುಖ್ಯ ಕಚೇರಿ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಗೆ ಕಳಿಸುವ ಇಮೇಲ್‌ನಲ್ಲಿ ಬೆಲೆಯ ಲೆಕ್ಕ, ಬಿಲ್ ನಂಬರ್ ಮಾತ್ರ ಇಂಗ್ಲಿಷ್‌ನಲ್ಲೂ ಹಾಕಿದರೆ ಕೆಲಸ ಬೇಗ ಆಗುತ್ತದೆ.

ಪತ್ರ ಕೊಡುವುದು

ಎರಡು ಪ್ರತಿ ಮಾಡಿ. ಒಂದನ್ನು ಮ್ಯಾನೇಜರ್ ಕೈಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಿಲ್‌ನ ಕೆಳಗೆ ಕಸ್ಟಮರ್ ಕೇರ್ ಇಮೇಲ್ ಇದ್ದರೆ ಅಲ್ಲಿಗೂ ಅದೇ ಪತ್ರ ಹೋಗಲಿ. ಮೂಲ ಬಿಲ್ ಮತ್ತು ಪ್ಯಾಕೆಟ್ ಮಾತ್ರ ಯಾರ ಕೈಗೂ ಕೊಡಬೇಡಿ.

“ಪ್ಯಾಕೆಟ್ ತಂದುಕೊಡಿ ಮೇಡಂ, ಬದಲಿಸಿ ಕೊಡ್ತೀವಿ” ಅಂತ ಫೋನ್ ಬರುವ ಸಾಧ್ಯತೆ ಇದೆ. ಕೇಳಲು ಒಳ್ಳೆಯದಾಗೇ ಇರುತ್ತದೆ. ಆದರೆ 152ರ ಪ್ಯಾಕೆಟ್ ಹೋಗಿ 180ರ ಪ್ಯಾಕೆಟ್ ನಿಮ್ಮ ಮನೆಗೆ ಬಂದರೆ ಸಾಕ್ಷಿ ಅವರ ಹತ್ತಿರ ಉಳಿಯುತ್ತದೆ. ನೋಡಬೇಕು ಅಂದರೆ ಪ್ಯಾಕೆಟ್ ತೋರಿಸಿ, ವಾಪಸ್ ತನ್ನಿ. ಮುಂದಿನ ಖರೀದಿಗೆ ಕೂಪನ್ ಕೊಡ್ತೀವಿ ಅಂದರೂ ಒಪ್ಪಬೇಕಾಗಿಲ್ಲ. ನೀವು ಕೊಟ್ಟದ್ದು ಹಣ, ವಾಪಸ್ ಬರಬೇಕಾದ್ದೂ ಹಣವೇ.

ಉತ್ತರ ಬರದಿದ್ದರೆ

ಇಲ್ಲಿಂದ ಎರಡು ದಾರಿ ಇವೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಒಂದು, ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ. ಜನ ತೂಕ ಮತ್ತು ಅಳತೆ ಇಲಾಖೆ ಅಂತ ಕರೆಯುವುದು ಇದನ್ನೇ. ನಿಮ್ಮ ಭಾಗದ ನಿರೀಕ್ಷಕರಿಗೆ ಪತ್ರದ ಪ್ರತಿ, ಬಿಲ್, ಫೋಟೊ ಸೇರಿಸಿ ದೂರು ಕೊಡಿ. ಅವರು ಅಂಗಡಿಗೆ ಹೋಗಿ ಪರಿಶೀಲಿಸಬಹುದು, ಕೇಸು ಹಾಕಬಹುದು, ದಂಡ ಕಟ್ಟಿಸಬಹುದು. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ 39 ರೂಪಾಯಿ ಅದರಲ್ಲಿ ಬರುವುದಿಲ್ಲ. ಆದರೆ ರ‍್ಯಾಕ್‌ನಲ್ಲಿ ಹಳೆ ಪ್ಯಾಕೆಟ್ ಇನ್ನೂ ಇರುವಾಗಲೇ ದೂರು ಹೋದರೆ ಈ ದಾರಿಯೇ ಹೆಚ್ಚು ಪರಿಣಾಮಕಾರಿ. ತಿಂಗಳು ಬಿಟ್ಟು ಹೋದರೆ ಅಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಇನ್ನೊಂದು ನಿಮ್ಮ ಹಣದ ದಾರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅಥವಾ consumerhelpline.gov.in ನಲ್ಲಿ ದೂರು ದಾಖಲಿಸಿ. ಒಂದು ದೂರು ಸಂಖ್ಯೆ ಕೊಡುತ್ತಾರೆ, ದೂರನ್ನು ಕಂಪನಿಗೆ ಕಳಿಸುತ್ತಾರೆ. ಸಹಾಯವಾಣಿ ಕೋರ್ಟ್ ಅಲ್ಲ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆದರೂ ಶಾಖೆಯ ಮ್ಯಾನೇಜರ್ ಹತ್ತಿರ ನಿಂತುಹೋಗಿದ್ದ ವಿಷಯ ಕಂಪನಿಯ ಮೇಲಿನವರಿಗೆ ತಲುಪುವುದು ಹೀಗೆ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಪ್ಯಾಕೆಟ್ ಮೇಲೆ ತೋರಿಸಿದ ಬೆಲೆಗಿಂತ ಹೆಚ್ಚು ಪಡೆಯುವುದು ದೂರಿಗೆ ಕಾರಣ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂಗಡಿ ಎಲ್ಲೇ ಇರಲಿ. ಕೊಂಡ ಸಾಮಾನಿನ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಲೂ ಇಲ್ಲ. ಆದರೆ ಘಟನೆ ನಡೆದ 2 ವರ್ಷದ ಒಳಗೆ ಹೋಗಬೇಕು. e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಹಣ ವಾಪಸ್ ಜೊತೆಗೆ ಪರಿಹಾರ, ಖರ್ಚು ಕೇಳಬಹುದು. ಎಷ್ಟು ಕೊಡುವುದು ಅನ್ನುವುದು ಆಯೋಗಕ್ಕೆ ಬಿಟ್ಟದ್ದು, ಸಮಯವೂ ಹಿಡಿಯುತ್ತದೆ. ಒಂದೇ ಸಲದ 39 ರೂಪಾಯಿಗಾಗಿ ನಾನಾದರೆ ಸಹಾಯವಾಣಿ ಮತ್ತು ಇಲಾಖೆಯ ಹಂತದಲ್ಲೇ ನಿಲ್ಲಿಸುತ್ತೇನೆ. ಲಿಖಿತವಾಗಿ ತಿಳಿಸಿದ ಮೇಲೂ ಅದೇ ಅಂಗಡಿ ಅದೇ ಕೆಲಸ ಮುಂದುವರಿಸಿದರೆ ಆಯೋಗಕ್ಕೆ ಹೋಗುತ್ತೇನೆ.

ಪತ್ರ ಕೊಟ್ಟ ಮೇಲೆ ಅಂಗಡಿಯವರು ಹಣ ಕೊಟ್ಟು, ‘ನನ್ನ ಯಾವುದೇ ದೂರು ಇರುವುದಿಲ್ಲ’ ಅಂತ ಅಚ್ಚಾದ ಕಾಗದಕ್ಕೆ ಸಹಿ ಕೇಳಿದರೆ ಮೊದಲು ಪೂರ್ತಿ ಓದಿ. ರ‍್ಯಾಕ್‌ನಲ್ಲಿರುವ ಪ್ಯಾಕೆಟ್‌ಗಳ ಬೆಲೆ ಇನ್ನೂ ಸರಿಯಾಗಿಲ್ಲದಿದ್ದರೆ ಆ ಸಾಲು ಹೊಡೆದುಹಾಕಿ, ‘ಬಿಲ್ ನಂ. ಇಂತಿಷ್ಟಕ್ಕೆ ಸಂಬಂಧಿಸಿ 39 ರೂ. ವಾಪಸ್ ಪಡೆದಿದ್ದೇನೆ’ ಅಂತ ಮಾತ್ರ ಬರೆದು ಸಹಿ ಮಾಡಿ, ಅದರದ್ದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.